ನಿವೃತ್ತಿಯ ಖರ್ಚು ಒಂದೇ ಸಮ ಇರುವುದಿಲ್ಲ: ಮೂರು ಹಂತ, ಮೂರು ಕೊಡ

ನಿವೃತ್ತಿಗೆ ಎಷ್ಟು ಹಣ ಬೇಕೆಂದು ತಿಳಿಯಲು ಯಾವ ಕ್ಯಾಲ್ಕುಲೇಟರ್ ತೆರೆದರೂ ಅದು ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಈಗ ನಿಮ್ಮ ತಿಂಗಳ ಖರ್ಚೆಷ್ಟು? ನೀವು ಕೊಟ್ಟ ಸಂಖ್ಯೆಗೆ ವರ್ಷ ವರ್ಷವೂ ಬೆಲೆಯೇರಿಕೆ ಸೇರಿಸುತ್ತಾ ಮೂವತ್ತು ವರ್ಷ ಎಳೆದುಕೊಂಡು ಹೋಗಿ, ಕೊನೆಗೆ ಒಂದು ದೊಡ್ಡ ಮೊತ್ತವನ್ನು ಮುಂದಿಡುತ್ತದೆ. ಅದರ ಲೆಕ್ಕದಲ್ಲಿ 62ರವರೂ 86ರವರೂ ಬದುಕುವುದು ಒಂದೇ ಥರ. ಇಬ್ಬರೂ ಅಷ್ಟೇ ಸುತ್ತುತ್ತಾರೆ, ಅಷ್ಟೇ ಬಟ್ಟೆ ಕೊಳ್ಳುತ್ತಾರೆ, ಅಷ್ಟೇ ಸಲ ಡಾಕ್ಟರ ಬಳಿ ಹೋಗುತ್ತಾರೆ.

ವಯಸ್ಸಾದವರನ್ನು ಹತ್ತಿರದಿಂದ ಕಂಡ ಯಾರಿಗಾದರೂ ಇದು ನಿಜವಲ್ಲ ಎಂದು ಗೊತ್ತು. ಹಾಗಾದರೆ ಖರ್ಚು ಹೇಗೆ ಬದಲಾಗುತ್ತದೆ, ಆ ಬದಲಾವಣೆಗೆ ತಕ್ಕಂತೆ ಹಣವನ್ನು ಎಲ್ಲೆಲ್ಲಿ ಇಡಬೇಕು? ಒಂದು ಉದಾಹರಣೆಯನ್ನು ಕೈಯಲ್ಲಿ ಹಿಡಿದು ನೋಡೋಣ.

## ಮೂರು ಹಂತ ಎಂದರೆ ಏನು

ಅಮೆರಿಕದ ಹಣಕಾಸು ಸಲಹೆಗಾರರು ನಿವೃತ್ತಿಯನ್ನು 'ಗೋ-ಗೋ, ಸ್ಲೋ-ಗೋ, ನೋ-ಗೋ' ಎಂದು ಮೂರಾಗಿ ಒಡೆದು ಮಾತಾಡುವುದುಂಟು. ನಮ್ಮ ಮಾತಿನಲ್ಲಿ ಓಡಾಟದ ವರ್ಷಗಳು, ನಿಧಾನದ ವರ್ಷಗಳು, ಆರೈಕೆಯ ವರ್ಷಗಳು ಎನ್ನಬಹುದು.

ಮೊದಲ ಹಂತದಲ್ಲಿ ಸಮಯವೂ ಇದೆ, ಕಾಲಲ್ಲಿ ಕಸುವೂ ಇದೆ. ನೌಕರಿಯಲ್ಲಿದ್ದಾಗ ಮುಂದೂಡಿದ ಪ್ರವಾಸ, ಮನೆ ರಿಪೇರಿ, ಹೊಸ ಹವ್ಯಾಸ ಎಲ್ಲಕ್ಕೂ ಹಣ ಹೋಗುವುದು ಈಗಲೇ. ಎರಡನೆಯ ಹಂತದಲ್ಲಿ ಯಾರೂ ಬೇಡ ಎನ್ನದಿದ್ದರೂ ಓಡಾಟ ತಾನಾಗಿ ಕಡಿಮೆಯಾಗುತ್ತದೆ. ಮೂರನೆಯದರಲ್ಲಿ ಮನೆಯಿಂದ ಹೊರಗಿನ ಖರ್ಚು ಬಹುತೇಕ ನಿಂತು, ದೇಹವನ್ನು ನೋಡಿಕೊಳ್ಳುವ ಖರ್ಚು ಆ ಜಾಗಕ್ಕೆ ಬರುತ್ತದೆ.

ಡೇವಿಡ್ ಬ್ಲಾಂಚೆಟ್ ಎಂಬ ಸಂಶೋಧಕರು ಅಮೆರಿಕದ ನಿವೃತ್ತ ಕುಟುಂಬಗಳ ಖರ್ಚಿನ ಅಂಕಿಅಂಶ ಹಿಡಿದು 2014ರಲ್ಲಿ ಒಂದು ಲೇಖನ ಪ್ರಕಟಿಸಿದರು. ಬೆಲೆಯೇರಿಕೆಯನ್ನು ಕಳೆದು ನೋಡಿದರೆ ಖರ್ಚು ಮೊದಲು ಮೆಲ್ಲಗೆ ಇಳಿದು, ಕೊನೆಯ ವರ್ಷಗಳಲ್ಲಿ ಮತ್ತೆ ಮೇಲೇರುವುದು ಅವರಿಗೆ ಕಂಡಿತು. ಗ್ರಾಫಿನಲ್ಲಿ ಬರೆದರೆ ನಗುವ ತುಟಿಯ ಆಕಾರ. ಅದಕ್ಕೇ 'ಖರ್ಚಿನ ನಗು' ಎಂಬ ಹೆಸರು ನಿಂತಿತು. ಬಲಗಡೆಯ ಏರು ಬಂದದ್ದು ಔಷಧ ಮತ್ತು ಆರೈಕೆಯಿಂದ, ಆದ್ದರಿಂದ ಅದನ್ನು ನಗು ಎನ್ನುವುದು ಸ್ವಲ್ಪ ಒರಟು ತಮಾಷೆಯೇ.

ಇದು ಸರಾಸರಿಯ ಆಕಾರ ಎಂಬುದನ್ನು ಮರೆಯುವಂತಿಲ್ಲ. ಒಂದೊಂದು ಮನೆಯ ಗೆರೆ ಇಷ್ಟು ನುಣುಪಾಗಿರುವುದಿಲ್ಲ. ಕೆಲವರು ಕೊನೆಯವರೆಗೂ ಗಟ್ಟಿಯಾಗಿದ್ದು ಒಂದು ರಾತ್ರಿ ಹೋಗಿಬಿಡುತ್ತಾರೆ, ಇನ್ನು ಕೆಲವರಿಗೆ ಎಪ್ಪತ್ತೆರಡಕ್ಕೇ ಆರೈಕೆ ಬೇಕಾಗುತ್ತದೆ.

## ಖರ್ಚನ್ನು ಮೊದಲು ಮೂರು ಕಾಲಂ ಮಾಡಿ

ಹಂತಕ್ಕೆ ಬಜೆಟ್ ಬರೆಯಲು ಹೊರಟವರು ಸಾಮಾನ್ಯವಾಗಿ 'ಎಪ್ಪತ್ತರ ನಂತರ ಶೇಕಡ 20 ಕಡಿಮೆ' ಎಂದು ಒಂದು ಗೀಟು ಹಾಕಿಬಿಡುತ್ತಾರೆ. ಅಂದಾಜು ದಾರಿ ತಪ್ಪುವುದು ಅಲ್ಲೇ. ಒಟ್ಟು ಖರ್ಚನ್ನು ಮುಟ್ಟದೆ, ಅದನ್ನು ಒಳಗಿನಿಂದ ಒಡೆಯಬೇಕು.

ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು, ಕಳೆದ ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನು ಪಕ್ಕದಲ್ಲಿಟ್ಟುಕೊಳ್ಳಿ. ಮೊದಲ ಕಾಲಂ 'ಮನೆ': ಊಟ, ವಿದ್ಯುತ್, ತೆರಿಗೆ, ದುರಸ್ತಿ, ಫೋನು. ಎರಡನೆಯದು 'ಮನಸ್ಸು': ಪ್ರವಾಸ, ಉಡುಗೊರೆ, ಹವ್ಯಾಸ. ಮೂರನೆಯದು 'ಮೈ': ಔಷಧ, ಪರೀಕ್ಷೆ, ವಿಮೆಯ ಕಂತು, ಆರೈಕೆ. ಪ್ರತಿ ಸಾಲನ್ನೂ ಒಂದು ಕಾಲಂಗೆ ಹಾಕಿ. ಕಾರು ಎಲ್ಲಿಗೆ ಸೇರಬೇಕೆಂದು ಗಂಡ ಹೆಂಡತಿ ಅರ್ಧ ಗಂಟೆ ವಾದ ಮಾಡುವುದು ಖಚಿತ. ಮಾಡಲಿ, ಆ ವಾದದಲ್ಲೇ ಯಾವುದು ಅಗತ್ಯ, ಯಾವುದು ಆಸೆ ಎಂಬುದು ಹೊರಬೀಳುತ್ತದೆ.

ಈ ಮೂರೂ ಕಾಲಂ ಮೂರು ರೀತಿ ವರ್ತಿಸುತ್ತವೆ. 'ಮನೆ' ಸುಮಾರಾಗಿ ನಿಂತಲ್ಲೇ ನಿಂತು ಸ್ವಲ್ಪ ಕುಗ್ಗುತ್ತದೆ. 'ಮನಸ್ಸು' ಇಳಿಯುತ್ತದೆ. 'ಮೈ' ಏರುತ್ತದೆ, ಅದೂ ಉಳಿದ ಬೆಲೆಗಳಿಗಿಂತ ವೇಗವಾಗಿ.

ಉದಾಹರಣೆಗೆ 60 ವರ್ಷದ ಒಬ್ಬ ದಂಪತಿಯನ್ನು ತೆಗೆದುಕೊಳ್ಳೋಣ. ಅವರ ಈಗಿನ ವರ್ಷದ ಖರ್ಚನ್ನು 100 ಪಾಲು ಎಂದಿಟ್ಟುಕೊಂಡರೆ ಯಾವ ದೇಶದ ನಾಣ್ಯಕ್ಕೂ ಲೆಕ್ಕ ಹೊಂದುತ್ತದೆ. ಯೋಜನೆ 90ರವರೆಗೆ, ಹತ್ತತ್ತು ವರ್ಷದ ಮೂರು ಹಂತ. ಕೆಳಗಿನ ಅಂಕಿಗಳೆಲ್ಲ ಇಂದಿನ ಬೆಲೆಯಲ್ಲಿ.

ಓಡಾಟದ ವರ್ಷಗಳಲ್ಲಿ ಮನೆಗೆ 65, ಮನಸ್ಸಿಗೆ 25, ಮೈಗೆ 10, ಒಟ್ಟು 100. ನಿಧಾನದ ವರ್ಷಗಳಲ್ಲಿ 62, 10, 18, ಒಟ್ಟು 90. ಆರೈಕೆಯ ವರ್ಷಗಳಲ್ಲಿ ಮನೆಗೆ 55, ಮನಸ್ಸಿಗೆ ಏನೂ ಇಲ್ಲ, ಮೈಗೆ 65, ಒಟ್ಟು 120.

ಆ 65 ಎಲ್ಲಿಂದ ಬಂತು ಎಂದು ಕೇಳಬಹುದು. ಆಸ್ಪತ್ರೆಯ ಖರ್ಚು ಒಂದು ಬಗೆ: ಥಟ್ಟನೆ ಬರುತ್ತದೆ, ಕೆಲವು ದಿನ ಇರುತ್ತದೆ, ಅದಕ್ಕೆ ಆರೋಗ್ಯ ವಿಮೆ ಇರಬಹುದು. ಆರೈಕೆಯ ಖರ್ಚು ಬೇರೆಯೇ ಬಗೆ. ಸ್ನಾನ ಮಾಡಿಸಲು, ಊಟ ಮಾಡಿಸಲು, ರಾತ್ರಿ ಎಬ್ಬಿಸಿ ಕರೆದೊಯ್ಯಲು ಒಬ್ಬರು ಬೇಕು, ಅವರಿಗೆ ತಿಂಗಳು ತಿಂಗಳೂ ಸಂಬಳ ಕೊಡಬೇಕು, ಅದು ಎಷ್ಟು ವರ್ಷವೋ ಗೊತ್ತಿಲ್ಲ. ಸಾಮಾನ್ಯ ಆರೋಗ್ಯ ವಿಮೆ ಈ ಎರಡನೆಯದನ್ನು ಬಹುಮಟ್ಟಿಗೆ ಮುಟ್ಟುವುದೇ ಇಲ್ಲ. ಕೊನೆಯ ಹಂತ ದುಬಾರಿಯಾಗುವುದು ಹೆಚ್ಚಾಗಿ ಈ ಸಂಬಳದಿಂದ.

## ಮೂರು ಕೊಡ, ಮೂರು ಕೆಲಸ

ಈಗ ಇಡುಗಂಟನ್ನು ಮೂರು ಕೊಡಕ್ಕೆ ಹಂಚೋಣ, ಒಂದು ಹಂತಕ್ಕೆ ಒಂದು ಕೊಡ. ಯಾವ ಕೊಡದ ಹಣ ಯಾವಾಗ ಬೇಕು ಎಂಬುದೇ ಅದನ್ನು ಎಲ್ಲಿ ಇಡಬೇಕು ಎಂಬುದನ್ನು ಹೇಳುತ್ತದೆ.

ಮೊದಲ ಕೊಡದಿಂದ ಇಂದಿನಿಂದಲೇ ತೆಗೆಯುತ್ತೀರಿ. ಇಲ್ಲಿ ಏರಿಳಿತಕ್ಕೆ ಜಾಗವಿಲ್ಲ. ಹಾಗೆಂದು ಹತ್ತು ವರ್ಷದ ಹಣವನ್ನೆಲ್ಲ ಉಳಿತಾಯ ಖಾತೆಯಲ್ಲಿ ಬಿಡಬೇಕಿಲ್ಲ. ಎರಡು ವರ್ಷದ ಖರ್ಚು ಕೈಗೆ ಸಿಗುವಂತೆ ಇರಲಿ. ಉಳಿದದ್ದನ್ನು ಏಣಿಯಂತೆ ಜೋಡಿಸಿ: ಮೂರನೆಯ ವರ್ಷ ಮುಗಿಯುವ ಒಂದು ಠೇವಣಿ ಅಥವಾ ಬಾಂಡ್, ನಾಲ್ಕನೆಯ ವರ್ಷ ಮುಗಿಯುವ ಇನ್ನೊಂದು, ಹೀಗೆ ಹತ್ತರವರೆಗೆ. ಪ್ರತಿ ವರ್ಷ ಒಂದು ಮೆಟ್ಟಿಲು ಹಣವಾಗಿ ಕೈಗೆ ಬರುತ್ತದೆ. ಬಡ್ಡಿದರ ಏರಿದಾಗ ಬಾಂಡಿನ ಮಾರುಕಟ್ಟೆ ಬೆಲೆ ಇಳಿಯುವುದು ನಿಜ. ಆದರೆ ಅವಧಿ ಮುಗಿಯುವವರೆಗೆ ಮಾರದವರಿಗೆ ಆ ಇಳಿಕೆ ತಟ್ಟುವುದಿಲ್ಲ, ಕೊಟ್ಟ ಮಾತಿನ ಮೊತ್ತ ಬಂದೇ ಬರುತ್ತದೆ. ಬಾಂಡ್ ಕೊಟ್ಟ ಸಂಸ್ಥೆ ಮುಳುಗಬಾರದು, ಅಷ್ಟೆ.

ಎರಡನೆಯ ಕೊಡಕ್ಕೆ ಹತ್ತು ವರ್ಷದ ಪುರಸೊತ್ತಿದೆ. ಅರ್ಧಕ್ಕಿಂತ ಕಡಿಮೆ ಷೇರು, ಉಳಿದದ್ದು ಬಾಂಡ್ ಎಂಬ ಮಿಶ್ರಣ ಇಲ್ಲಿಗೆ ಹೊಂದುತ್ತದೆ.

ಮೂರನೆಯ ಕೊಡವನ್ನು ಇಪ್ಪತ್ತು ವರ್ಷ ಯಾರೂ ಮುಟ್ಟುವುದಿಲ್ಲ. ಅದರ ದೊಡ್ಡ ಶತ್ರು ಮಾರುಕಟ್ಟೆಯ ಕುಸಿತವಲ್ಲ, ಬೆಲೆಯೇರಿಕೆ. ಆದ್ದರಿಂದ ಅಲ್ಲಿ ಮುಕ್ಕಾಲು ಪಾಲಿನಷ್ಟು ಷೇರು ಇರಬಹುದು. ಮುದುಕರ ಹಣ ಷೇರಿನಲ್ಲೇ ಎಂದು ಹುಬ್ಬೇರಿಸುವವರಿದ್ದಾರೆ. ಈ ಹಣ 60ರವರ ಕೈಯಲ್ಲಿದ್ದರೂ ಅದರ ಒಡೆಯರು 80 ದಾಟಿದ ನಾವೇ, ಅವರು ಬರಲು ಇನ್ನೂ ಎರಡು ದಶಕ ಇದೆ.

ಲೆಕ್ಕ ಹಾಕಲು ಕೆಲವು ಊಹೆ ಬೇಕು. ಬೆಲೆಯೇರಿಕೆ ವರ್ಷಕ್ಕೆ ಶೇಕಡ 6 ಎಂದಿಟ್ಟುಕೊಳ್ಳೋಣ. ಮೊದಲ ಕೊಡ ತೆರಿಗೆ ಕಳೆದು ಬೆಲೆಯೇರಿಕೆಯಷ್ಟೇ ಬೆಳೆಯಲಿ, ಅಂದರೆ ನಿಜವಾದ ಲಾಭ ಸೊನ್ನೆ. ಎರಡನೆಯದು ಬೆಲೆಯೇರಿಕೆಗಿಂತ ಶೇಕಡ 2 ಹೆಚ್ಚು, ಮೂರನೆಯದು ಶೇಕಡ 3.5 ಹೆಚ್ಚು. ಹಂತ ಶುರುವಾದ ಮೇಲೆ ಆ ಕೊಡವೂ ಮೊದಲನೆಯದರಂತೆ ಭದ್ರ ಜಾಗಕ್ಕೆ ಬಂದಿರುತ್ತದೆ.

ಮೊದಲ ಹಂತಕ್ಕೆ ಹತ್ತು ವರ್ಷ, ವರ್ಷಕ್ಕೆ 100: ಈಗಲೇ 1,000 ಪಾಲು ಬೇಕು. ಎರಡನೆಯ ಹಂತಕ್ಕೆ 70ನೇ ವಯಸ್ಸಿನಲ್ಲಿ 900 ಬೇಕು, ಶೇಕಡ 2ರಂತೆ ಹತ್ತು ವರ್ಷ ಬೆಳೆಯುವುದರಿಂದ ಈಗ ಸುಮಾರು 740 ಸಾಕು. ಮೂರನೆಯದಕ್ಕೆ 80ರಲ್ಲಿ 1,200 ಬೇಕು. ಶೇಕಡ 3.5ರಂತೆ ಬೆಳೆದ ಹಣ ಇಪ್ಪತ್ತು ವರ್ಷದಲ್ಲಿ ಸರಿಸುಮಾರು ಎರಡರಷ್ಟಾಗುತ್ತದೆ, ಆದ್ದರಿಂದ ಈಗ 600. ಒಟ್ಟು 2,340.

ಎಲ್ಲವನ್ನೂ ಮೊದಲ ಕೊಡದಂತೆ ಭದ್ರವಾಗಿ ಇಟ್ಟಿದ್ದರೆ 3,100 ಬೇಕಾಗುತ್ತಿತ್ತು.

ಇದಕ್ಕಿಂತ ಕುತೂಹಲದ ಹೋಲಿಕೆ ಇನ್ನೊಂದಿದೆ. ಹಂತಗಳನ್ನೆಲ್ಲ ಮರೆತು ಮೂವತ್ತು ವರ್ಷವೂ ವರ್ಷಕ್ಕೆ 100ರಂತೆ ಖರ್ಚು ಎಂದುಕೊಂಡು, ಇದೇ ಮೂರು ಕೊಡಗಳಲ್ಲಿಟ್ಟರೆ ಬೇಕಾಗುವುದು ಸುಮಾರು 2,320. ಅಂದರೆ ಮೊತ್ತದಲ್ಲಿ ವ್ಯತ್ಯಾಸವೇ ಇಲ್ಲ ಎನ್ನಬೇಕು! ಹಂತ ಮಾಡಿದರೆ ಗಂಟು ಚಿಕ್ಕದಾಗುತ್ತದೆ ಎಂದು ಹೇಳುವವರ ಮಾತನ್ನು ಇಲ್ಲಿ ಸ್ವಲ್ಪ ಅನುಮಾನದಿಂದ ಕೇಳಬೇಕು. ಕೊನೆಯ ಹಂತದ ಆರೈಕೆಯನ್ನು ಪ್ರಾಮಾಣಿಕವಾಗಿ ಬರೆದುಕೊಂಡರೆ, ನಡುವಿನ ಹಂತದಲ್ಲಿ ಉಳಿದದ್ದನ್ನು ಅದು ತಿಂದುಹಾಕುತ್ತದೆ. ಗಂಟಿನ ಗಾತ್ರ ಇಳಿಸಿದ್ದು ಹಣವನ್ನು ಬೇಕಾಗುವ ಕಾಲಕ್ಕೆ ಹೊಂದಿಸಿ ಇಟ್ಟ ಕ್ರಮ. ಹಂತದ ಬಜೆಟ್ ಹೇಳುವುದು ಯಾವ ಕೊಡಕ್ಕೆ ಎಷ್ಟು ಎಂಬುದನ್ನು.

## ಮೊದಲ ಕೊಡ ಷೇರಿನಲ್ಲಿದ್ದರೆ ಏನಾಗುತ್ತದೆ

ಷೇರು ದೀರ್ಘಾವಧಿಯಲ್ಲಿ ಹೆಚ್ಚು ಕೊಡುವುದಾದರೆ ಎಲ್ಲವನ್ನೂ ಅಲ್ಲೇ ಇಟ್ಟರೇನು? ಈ ಪ್ರಶ್ನೆಗೆ ಉತ್ತರ ಸರಾಸರಿಯಲ್ಲಿ ಸಿಗುವುದಿಲ್ಲ, ಯಾವ ವರ್ಷ ಮೊದಲು ಬಂತು ಎಂಬುದರಲ್ಲಿ ಸಿಗುತ್ತದೆ.

1,000 ಪಾಲು ಷೇರಿನಲ್ಲಿದೆ ಎನ್ನಿ. ವರ್ಷದ ಆರಂಭದಲ್ಲಿ ಖರ್ಚಿಗೆ 100 ತೆಗೆದಿರಿ, 900 ಉಳಿಯಿತು. ಆ ವರ್ಷ ಮಾರುಕಟ್ಟೆ ಶೇಕಡ 30 ಕುಸಿಯಿತು, 630 ಆಯಿತು. ಮರುವರ್ಷ ಮತ್ತೆ 100 ತೆಗೆಯಲೇಬೇಕು, ಹೊಟ್ಟೆ ಮಾರುಕಟ್ಟೆಗಾಗಿ ಕಾಯುವುದಿಲ್ಲ. 530 ಉಳಿಯಿತು. ಈಗ ಮಾರುಕಟ್ಟೆ ಶೇಕಡ 43 ಏರಿ ಮೊದಲಿದ್ದ ಮಟ್ಟಕ್ಕೇ ಬಂತು. ನಿಮ್ಮ ಬಳಿ 758 ಇದೆ. ಏನೂ ಬೆಳೆಯದ ಪೆಟ್ಟಿಗೆಯಲ್ಲಿಟ್ಟಿದ್ದರೂ 800 ಇರುತ್ತಿತ್ತು. ಹೋದ 42 ಪಾಲು ಎಂದರೆ ಐದು ತಿಂಗಳ ಸಂಸಾರ. ಕುಸಿದಾಗ ಮಾರಿದ ಷೇರು ಏರುವಾಗ ನಿಮ್ಮ ಜೊತೆ ಇರಲಿಲ್ಲ, ಕಾರಣ ಅಷ್ಟೆ.

ಇದೇ ಕುಸಿತ 78ನೇ ವಯಸ್ಸಿನಲ್ಲಿ ಬಂದಿದ್ದರೆ ಅಷ್ಟು ನೋವಿಲ್ಲ, ಏಕೆಂದರೆ ಆ ಹೊತ್ತಿಗೆ ಬಹುಪಾಲು ಹಣ ಬೆಳೆದು ಬಳಕೆಯಾಗಿರುತ್ತದೆ. ನಿವೃತ್ತಿಯ ಮೊದಲ ವರ್ಷಗಳಲ್ಲಿ ಬರುವ ಕುಸಿತವೇ ಅಪಾಯಕಾರಿ. 1994ರಲ್ಲಿ ವಿಲಿಯಂ ಬೆಂಗೆನ್ ಅಮೆರಿಕದ ಹಳೆಯ ಮಾರುಕಟ್ಟೆ ದಾಖಲೆಗಳನ್ನು ತಡಕಾಡಿ 'ಶೇಕಡ 4' ಎಂಬ ಪ್ರಸಿದ್ಧ ಮಿತಿಗೆ ಬಂದದ್ದೂ ಇದೇ ಕಾರಣಕ್ಕೆ: ಮೊದಲ ವರ್ಷ ಗಂಟಿನ ಶೇಕಡ 4 ತೆಗೆದು, ನಂತರ ಬೆಲೆಯೇರಿಕೆಯಷ್ಟೇ ಹೆಚ್ಚಿಸುತ್ತಾ ಹೋದರೆ, ಕೆಟ್ಟ ಕಾಲದಲ್ಲಿ ನಿವೃತ್ತರಾದವರ ಹಣವೂ ಮೂವತ್ತು ವರ್ಷ ಬಾಳಿತ್ತು. ಅವರ ಲೆಕ್ಕ ಅಮೆರಿಕದ್ದು, ಖರ್ಚೂ ಒಂದೇ ಸಮ ಎಂದು ಹಿಡಿದದ್ದು. ಇನ್ನೊಂದು ದೇಶದ ಬೆಲೆಯೇರಿಕೆಗೆ ಅದನ್ನು ಹಾಗೇ ಅಂಟಿಸಲಾಗದು.

## ಕೊಡದಿಂದ ಕೊಡಕ್ಕೆ ಸಾಗಿಸುವುದು

ಮೂರನೆಯ ಕೊಡವನ್ನು 80ನೇ ಹುಟ್ಟುಹಬ್ಬದ ದಿನ ಒಮ್ಮೆಗೇ ಭದ್ರ ಜಾಗಕ್ಕೆ ಸುರಿಯಬಾರದು. ಆ ತಿಂಗಳೇ ಮಾರುಕಟ್ಟೆ ಬಿದ್ದಿದ್ದರೆ? 75ರಿಂದಲೇ ಶುರುಮಾಡಿ, ವರ್ಷಕ್ಕೆ ಐದನೇ ಒಂದು ಭಾಗದಂತೆ ಸಾಗಿಸುವುದು ವಾಡಿಕೆ. ನಡುವೆ ಒಂದು ಕೆಟ್ಟ ವರ್ಷ ಬಂದರೆ ಅದೊಂದು ಕಂತನ್ನು ಮುಂದೂಡಲು ಅವಕಾಶ ಇರುತ್ತದೆ. ಎರಡನೆಯ ಕೊಡಕ್ಕೆ ಮೂರು ವರ್ಷದ ಮುನ್ಸೂಚನೆ ಸಾಕು.

ಮೂರನೆಯ ಕೊಡ ದಾರಿಯಲ್ಲಿದೆಯೇ ಎಂದು ತಿಳಿಯಲು ಮೈಲಿಗಲ್ಲುಗಳಿವೆ. ಇಂದಿನ ಬೆಲೆಯಲ್ಲಿ 600ರಿಂದ ಹೊರಟದ್ದು 65ಕ್ಕೆ 710, 70ಕ್ಕೆ 850, 75ಕ್ಕೆ 1,000ದ ಆಸುಪಾಸು ಇರಬೇಕು. ಖಾತೆಯಲ್ಲಿ ಕಾಣುವ ಅಂಕಿ ಬೇರೆ, ಜೋಕೆ. ಶೇಕಡ 6ರ ಬೆಲೆಯೇರಿಕೆಯಲ್ಲಿ ಐದು ವರ್ಷಕ್ಕೆ ಬೆಲೆ 1.34 ಪಟ್ಟು ಆಗುವುದರಿಂದ 65ರಲ್ಲಿ ಖಾತೆ ಸುಮಾರು 950 ತೋರಿಸಬೇಕು. 750 ತೋರಿಸಿದರೆ 'ಲಾಭ ಬಂತು' ಎಂದು ಹಿಗ್ಗುವವರು ನಿಜಕ್ಕೂ ಹಿಂದೆ ಬಿದ್ದಿದ್ದಾರೆ.

## ಎಲ್ಲಿ ಎಡವುತ್ತಾರೆ

ಮೊದಲ ಎಡವಟ್ಟು ಓಡಾಟದ ವರ್ಷಗಳಲ್ಲೇ. 'ಈಗ ಖರ್ಚು ಮಾಡದಿದ್ದರೆ ಇನ್ಯಾವಾಗ' ಎಂಬ ಮಾತು ಸರಿ, ಆದರೆ ಅದು ಮೊದಲ ಕೊಡದ ಮಟ್ಟಿಗೆ ಮಾತ್ರ ಸರಿ. ಪರೀಕ್ಷೆ ಸುಲಭ: ಮೊದಲ ಕೊಡದಲ್ಲಿರುವ ಹಣವನ್ನು ಕಳೆದ ವರ್ಷ ನಿಜವಾಗಿ ಮಾಡಿದ ಖರ್ಚಿನಿಂದ ಭಾಗಿಸಿ. 64ರಲ್ಲಿ ಉತ್ತರ 6 ಬರಬೇಕು, ಏಕೆಂದರೆ 70ಕ್ಕೆ ಇನ್ನು ಆರು ವರ್ಷ. 4.5 ಬಂದರೆ ಕೊಡ 68ರ ಮಧ್ಯದಲ್ಲೇ ಬರಿದಾಗುತ್ತದೆ. ಆಗ ಕೈಹಾಕಬೇಕಾದದ್ದು 'ಮನಸ್ಸು' ಕಾಲಂಗೆ, ಮೂರನೆಯ ಕೊಡಕ್ಕಲ್ಲ. ದೂರದ ಕೊಡದಿಂದ ತೆಗೆದದ್ದು ಸದ್ದೇ ಮಾಡುವುದಿಲ್ಲ. ಇಂದು ತೆಗೆದ 50 ಪಾಲು 80ರಲ್ಲಿ 100 ಆಗಿರುತ್ತಿತ್ತು ಎಂಬುದು ಆ ಹೊತ್ತಿಗೆ ಕಣ್ಣಿಗೆ ಕಾಣುವುದಿಲ್ಲ.

ಎರಡನೆಯದು ಪಿಂಚಣಿಯ ಲೆಕ್ಕ. ನಮ್ಮ ಉದಾಹರಣೆಯ ದಂಪತಿಗೆ ಪಿಂಚಣಿ ಇಲ್ಲ. ಇದ್ದಿದ್ದರೆ ಅದನ್ನು ಖರ್ಚಿನಿಂದ ಮೊದಲೇ ಕಳೆಯಬೇಕಿತ್ತು, ಆದರೆ ಮೂರು ಹಂತದಲ್ಲೂ ಒಂದೇ ಅಂಕಿಯನ್ನಲ್ಲ. ಬೆಲೆಗೆ ತಕ್ಕಂತೆ ಏರದ ಪಿಂಚಣಿಯ ಶಕ್ತಿ ಶೇಕಡ 6ರ ಬೆಲೆಯೇರಿಕೆಯಲ್ಲಿ ಹನ್ನೆರಡು ವರ್ಷಕ್ಕೆ ಅರ್ಧ. 60ರಲ್ಲಿ 40 ಪಾಲು ಖರ್ಚು ಹೊರುತ್ತಿದ್ದ ಪಿಂಚಣಿ 70ರಲ್ಲಿ 22 ಪಾಲು, 80ರಲ್ಲಿ 12 ಪಾಲು ಮಾತ್ರ ಹೊರುತ್ತದೆ. ಖರ್ಚು ಹೆಚ್ಚಾಗುವ ಹೊತ್ತಿಗೆ ಸರಿಯಾಗಿ ಅದು ಬಡಕಲಾಗಿರುತ್ತದೆ.

ಮೂರನೆಯದು ಆರೈಕೆಯ ಬೆಲೆಯನ್ನು ಉಳಿದ ಬೆಲೆಗಳ ಜೊತೆ ಕಟ್ಟಿಹಾಕುವುದು. 'ಮೈ' ಕಾಲಂನ 65 ಪಾಲು ಶೇಕಡ 6ರ ಬದಲು 8ರಂತೆ ಏರಿದರೆ, 80ರ ಹೊತ್ತಿಗೆ ಇಂದಿನ ಬೆಲೆಯಲ್ಲೇ ಅದು 94 ಆಗಿರುತ್ತದೆ, ನಂತರವೂ ಏರುತ್ತಲೇ ಹೋಗುತ್ತದೆ. ಮೂರನೆಯ ಕೊಡಕ್ಕೆ ಈಗ 600ರ ಬದಲು 800ರಷ್ಟು ಬೇಕು. ಇಡೀ ಯೋಜನೆಯಲ್ಲಿ ಒಂದೇ ಒಂದು ಊಹೆಯನ್ನು ಎರಡು ಸಲ ಪರೀಕ್ಷಿಸಲು ಸಮಯವಿದ್ದರೆ ಇದನ್ನೇ ಪರೀಕ್ಷಿಸಿ ಎನ್ನುತ್ತೇನೆ.

ನಡುವಿನ ಹಂತದ ತೊಂದರೆ ಉಲ್ಟಾ. ಖರ್ಚು ಕಡಿಮೆಯಾಯಿತು, ಎಲ್ಲ ಸರಿಹೋಗಿದೆ ಎಂದುಕೊಂಡು ಉಳಿದದ್ದನ್ನು ಹಂಚಿಬಿಡುತ್ತಾರೆ. ಆ ಉಳಿಕೆ ಹೆಚ್ಚಾಗಿ ಮೂರನೆಯ ಹಂತದ ಮುಂಗಡವೇ ಆಗಿರುತ್ತದೆ.

## 90 ದಾಟಿದರೆ

ಮೂರು ಕೊಡಗಳಿಗೆ ಒಂದು ಮಿತಿ ಇದೆ: ಅವು ಎಂದಾದರೂ ಬರಿದಾಗುತ್ತವೆ. ಆರೈಕೆಯ ಹಂತ ಹತ್ತು ವರ್ಷದ ಬದಲು ಹದಿನೈದು ನಡೆದರೆ ಲೆಕ್ಕ ಮುರಿಯುತ್ತದೆ. ಇಬ್ಬರಲ್ಲಿ ಒಬ್ಬರು ಮೂರನೆಯ ಹಂತಕ್ಕೆ ಬೇಗ ಜಾರಿ, ಇನ್ನೊಬ್ಬರು ಇಪ್ಪತ್ತು ವರ್ಷ ಬಾಳಿದರೂ ಅಷ್ಟೆ.

ಇದಕ್ಕಿರುವ ಉಪಕರಣ ಆನ್ಯುಟಿ, ಅಂದರೆ ವರ್ಷಾಶನ. ಒಂದು ಮೊತ್ತವನ್ನು ವಿಮಾ ಕಂಪನಿಗೆ ಕೊಟ್ಟರೆ ಬದುಕಿರುವವರೆಗೆ ಅದು ಕಂತು ಕೊಡುತ್ತದೆ. ಬೇಗ ಹೋದವರ ಹಣ ಬಹುಕಾಲ ಬಾಳಿದವರಿಗೆ ಸೇರುವುದರಿಂದ ಇದು ಸಾಧ್ಯವಾಗುತ್ತದೆ. ತಡವಾಗಿ, 75ರ ನಂತರ ಕೊಂಡರೆ ಅದೇ ಹಣಕ್ಕೆ ಸಾಮಾನ್ಯವಾಗಿ ದೊಡ್ಡ ಕಂತು ಸಿಗುತ್ತದೆ, ಏಕೆಂದರೆ ಕಂಪನಿ ಕೊಡಬೇಕಾದ ವರ್ಷಗಳು ಕಡಿಮೆ. ಕೊಟ್ಟ ಹಣ ವಾಪಸು ಬರುವುದಿಲ್ಲ, ಅನೇಕ ವರ್ಷಾಶನಗಳು ಬೆಲೆಗೆ ತಕ್ಕಂತೆ ಏರುವುದೂ ಇಲ್ಲ. ಆದ್ದರಿಂದ ಮೂರನೆಯ ಕೊಡವನ್ನು ಪೂರ್ತಿ ಇದಕ್ಕೆ ಸುರಿಯುವ ಬದಲು, 'ಮನೆ' ಕಾಲಂನ ಖರ್ಚು ನಡೆಯುವಷ್ಟಕ್ಕೆ ಮಾತ್ರ ಕೊಂಡು, ಉಳಿದದ್ದನ್ನು ಆರೈಕೆಗೆಂದು ಕೈಯಲ್ಲಿಟ್ಟುಕೊಳ್ಳುವುದು ಒಂದು ದಾರಿ. 'ಮೈ' ಕಾಲಂ ಒಂದು ವರ್ಷ ಸುಮ್ಮನಿದ್ದು ಮರುವರ್ಷ ಮೂರು ಪಟ್ಟು ಕೇಳಬಲ್ಲದು. ಸಮನಾದ ಕಂತು ಅದಕ್ಕೆ ಹೊಂದುವುದಿಲ್ಲ.

ಇನ್ನೊಂದು ಮಿತಿ ಹಣದ್ದಲ್ಲ. ಏಣಿಯ ಮೆಟ್ಟಿಲು ನವೀಕರಿಸುವುದು, ಕಂತು ಸಾಗಿಸುವುದು, ಪಾಸ್‌ವರ್ಡ್ ನೆನಪಿಡುವುದು 63ರಲ್ಲಿ ಆಟ, 83ರಲ್ಲಿ ಅಲ್ಲ. 75ರಿಂದ 80ರವರೆಗೆ ಹಣ ಸಾಗಿಸುವಾಗಲೇ ಖಾತೆಗಳ ಸಂಖ್ಯೆಯನ್ನೂ ಇಳಿಸಿ, ಒಂದು ಬ್ಯಾಂಕು, ಒಂದು ಠೇವಣಿ ಏಣಿ, ಒಂದು ವರ್ಷಾಶನ ಎಂಬಷ್ಟಕ್ಕೆ ತಂದು, ನಂಬಿಕೆಯ ಇನ್ನೊಬ್ಬರ ಸಹಿಯನ್ನೂ ಖಾತೆಗೆ ಸೇರಿಸಿಡುವವರಿದ್ದಾರೆ. ಮೂರು ಕಾಲಂನ ಆ ನೋಟ್‌ಬುಕ್ ಎಲ್ಲಿದೆ ಎಂಬುದು ಸಹಿ ಹಾಕುವ ಆ ಇನ್ನೊಬ್ಬರಿಗೂ ಗೊತ್ತಿರಬೇಕು.